ಇಂಡಿಯಿಂದ ಬಂದ ಒಂದು ಫ್ಲಾಪಿ ಮತ್ತು ಓದಲಾಗದ ಮೂರು ಸೆಕ್ಟರ್

ವಿಜಯಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಗೀಚಿದ ಸಿಡಿ, ಡಿವಿಡಿ ತಿಂಗಳಿಗೆ ಎರಡು ಮೂರು ಬರುತ್ತವೆ, ಹೆಚ್ಚಿನವು ಮದುವೆ ಕ್ಯಾಸೆಟ್‌ನಿಂದ ಮಾಡಿಸಿದವು. ಫ್ಲಾಪಿ ಬರುವುದು ಅಪರೂಪ. ಹೋದ ವರ್ಷ ಬೇಸಿಗೆಯಲ್ಲಿ ಬಂದ ಒಂದು ಫ್ಲಾಪಿಯ ಕೆಲಸವನ್ನು ಮೊದಲಿನಿಂದ ಕೊನೆವರೆಗೆ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಮೂರು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿದ್ದವು. ಡಿಸ್ಕ್ ಕೆಟ್ಟಿತ್ತು, ಫೈಲ್ ಪಟ್ಟಿ ಕೆಟ್ಟಿತ್ತು, ಕೊನೆಗೆ ಅಕ್ಷರಗಳೇ ಹಳೆ ನುಡಿ ಫಾಂಟ್‌ನಲ್ಲಿದ್ದವು.

ತಂದವರು ಇಂಡಿ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರರು. 2002ರಲ್ಲಿ ತಮ್ಮ ತಾಯಿ ಮತ್ತು ಓಣಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ಬೀಸುವ ಪದಗಳನ್ನು ಬರೆದುಕೊಂಡು, ಇಲ್ಲೇ ಊರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ. 2009ರ ಅಕ್ಟೋಬರ್‌ನ ಆ ದೊಡ್ಡ ಮಳೆಯಲ್ಲಿ ಅವರ ಮೇಲ್ಮುದ್ದೆ ಮನೆ ಸೋರಿ, ಟ್ರಂಕಿನಲ್ಲಿದ್ದ ನೋಟ್‌ಬುಕ್ ಹಾಳಾಯಿತು. ಉಳಿದದ್ದು ಅದೇ ಟ್ರಂಕಿನಲ್ಲಿದ್ದ ಈ ಒಂದು ಫ್ಲಾಪಿ.

"ತಮ್ಮಾ, ಇದರಾಗ ನಮ್ಮವ್ವನ ಹಾಡು ಅದಾವು. ಆಕಿ ಹೋಗಿ ಹದಿನೈದು ವರ್ಷ ಆತು. ತಗದ್ ಕೊಡಾಕ ಆಗ್ತದೇನು?"

"ನೋಡಿ ಹೇಳ್ತೀನ್ರಿ ಗುರುಗಳ. ಮದಲ ಎಲ್ಲಿಯಾದ್ರೂ ಹಾಕಿ ನೋಡೀರೇನು?"

ನೋಡಿಸಿದ್ದರು. ಬೇರೆ ಕಡೆ ಒಬ್ಬರು ಡ್ರೈವ್‌ಗೆ ಹಾಕಿದ್ದಾರೆ. ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಫಾರ್ಮ್ಯಾಟ್ ಮಾಡಲೇ ಅಂತ ವಿಂಡೋಸ್ ಕೇಳಿದೆ. ಪುಣ್ಯಕ್ಕೆ ಅವರು ಬೇಡ ಅಂತ ಒತ್ತಿದ್ದಾರೆ. ಈ ಪ್ರಶ್ನೆ ಯಾಕೆ ಬರುತ್ತದೆ ಗೊತ್ತಾ? ಡಿಸ್ಕ್ ಖಾಲಿ ಇದೆ ಅಂತ ಅಲ್ಲ. ಡಿಸ್ಕ್‌ನ ಮಾಹಿತಿ ಸೆಕ್ಟರ್ ಅನ್ನುವ ಸಣ್ಣ ಸಣ್ಣ ತುಂಡುಗಳಲ್ಲಿರುತ್ತದೆ. ಅದರ ಮೊಟ್ಟಮೊದಲ ಸೆಕ್ಟರ್, ಅಂದರೆ ಬೂಟ್ ಸೆಕ್ಟರ್, ಓದಲು ಬಂದಿಲ್ಲ ಅಂತ ಅಷ್ಟೇ. ಅಲ್ಲಿ ಹೌದು ಅಂತ ಒತ್ತಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ನಾನು ಮೊದಲು ಮಾಡಿದ್ದು ಹಿಂದಿನ ಮೂಲೆಯ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ ಕಿಂಡಿ ತೆರೆದದ್ದು. ಕಿಂಡಿ ತೆರೆದಿದ್ದರೆ ಡ್ರೈವ್ ಬರೆಯುವುದಿಲ್ಲ, ಬರೀ ಓದುತ್ತದೆ. ಆಮೇಲೆ ಡ್ರೈವ್‌ಗೆ ಹಾಕದೆ, ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ, ನಡುವಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಬಿಳಿ ಚುಕ್ಕೆ. ಬೂಸ್ಟು. ಒಂದು ಕಡೆ ಕೂದಲಿನಷ್ಟು ತೆಳ್ಳಗೆ ಒಂದು ಉಂಗುರದ ಗೀರು ಕೂಡ ಇತ್ತು. ಅದು ಹಳೆಯದಲ್ಲ, ಬೂಸ್ಟು ಇದ್ದಂತೆಯೇ ಡ್ರೈವ್‌ನಲ್ಲಿ ತಿರುಗಿಸಿದಾಗ ಆದದ್ದು ಅಂತ ನನಗೆ ಅನ್ನಿಸಿತು.

ಇಲ್ಲಿ ಸಿಡಿಗೂ ಫ್ಲಾಪಿಗೂ ಇರುವ ವ್ಯತ್ಯಾಸ ಹೇಳಬೇಕು. ಸಿಡಿಯನ್ನು ಬೆಳಕು ಓದುತ್ತದೆ, ಯಾವುದೂ ಅದನ್ನು ಮುಟ್ಟುವುದಿಲ್ಲ. ಕೆಳಗಿನ ಗೀರು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಮೇಲೆ ಇರುತ್ತದೆ, ಮಾಹಿತಿ ಇರುವುದು ಆಚೆ ಬದಿ, ಲೇಬಲ್‌ನ ಕೆಳಗೆ. ಹಾಗಾಗಿ ಕೆಳಗಿನ ಗೀರನ್ನು ಪಾಲಿಶ್ ಮಾಡಬಹುದು. ಲೇಬಲ್ ಕಡೆ ಆಳವಾಗಿ ಗೀಚಿದರೆ ಮಾತ್ರ ಅಷ್ಟು ಭಾಗ ಹೋದ ಹಾಗೆ. ಫ್ಲಾಪಿಯಲ್ಲಿ ಓದುವ ಹೆಡ್ ನೇರವಾಗಿ ಹಾಳೆಯನ್ನು ಒತ್ತಿಕೊಂಡೇ ಓಡುತ್ತದೆ, ನಿಮಿಷಕ್ಕೆ 300 ಸುತ್ತು. ಹಾಳೆಯ ಮೇಲಿನ ಕಂದು ಲೇಪನವೇ ಮಾಹಿತಿ. ಅದು ಕೆರೆದು ಹೋದರೆ ಪಾಲಿಶ್ ಮಾಡಲು ಏನೂ ಉಳಿಯುವುದಿಲ್ಲ. ಮೇಲಾಗಿ ಬೂಸ್ಟು ಹೆಡ್‌ಗೆ ಅಂಟಿಕೊಂಡರೆ ಮುಂದೆ ಹಾಕುವ ಒಳ್ಳೆ ಫ್ಲಾಪಿಯನ್ನೂ ಅದು ಗೀರುತ್ತದೆ. ಅದಕ್ಕೇ ಕೊಳೆ ಕಂಡ ಫ್ಲಾಪಿಯನ್ನು ತೊಳೆಯದೆ ಡ್ರೈವ್‌ಗೆ ಹಾಕಲೇಬಾರದು.

ತೊಳೆಯಲು ಹಾಳೆಯನ್ನು ಹೊರಗೆ ತೆಗೆಯಬೇಕಾಯಿತು. ಲೋಹದ ಬಾಗಿಲನ್ನು ಮೊದಲು ಬಿಚ್ಚಿದೆ. ಒಳಗೆ ಒಂದು ಸಣ್ಣ ಸ್ಪ್ರಿಂಗ್ ಇದೆ, ಅದು ಹಾರಿಹೋದರೆ ಹುಡುಕಲು ಆಗಲ್ಲ. ಆಮೇಲೆ ತೆಳ್ಳನೆಯ ಬ್ಲೇಡಿನಿಂದ ನಾಲ್ಕೂ ಮೂಲೆ ಬಿಡಿಸಿದೆ. ಒಳಗಿನ ಬಿಳಿ ಬಟ್ಟೆಯ ಪದರಕ್ಕೂ ಬೂಸ್ಟು ಹಿಡಿದಿತ್ತು, ಹಾಗಾಗಿ ಹಳೆಯ ಕವಚ ಮತ್ತೆ ಬಳಸುವಂತೆ ಇರಲಿಲ್ಲ. ಬೇರೆ ಒಂದು ಬೇಡವಾದ, ಆದರೆ ಒಣಗಿ ಚೊಕ್ಕಟವಾಗಿದ್ದ ಫ್ಲಾಪಿಯನ್ನು ಬಿಚ್ಚಿ ಅದರ ಕವಚ ಇಟ್ಟುಕೊಂಡೆ. ಹಾಳೆಯನ್ನು ನಡುವಿನ ಲೋಹದ ಚಕ್ರದಲ್ಲೇ ಹಿಡಿದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಎರಡೂ ಬದಿ ಒರೆಸಿದೆ. ತಿಕ್ಕಬಾರದು, ಬಟ್ಟೆಯ ಭಾರವೇ ಸಾಕು. ಪ್ರತಿ ಸಲ ಬಟ್ಟೆಯನ್ನು ನೋಡುತ್ತಿದ್ದೆ. ಬೂದು ಬಣ್ಣ ಬಂದರೆ ಅದು ಕೊಳೆ. ಕಂದು ಬಣ್ಣ ಬಂದರೆ ಲೇಪನವೇ ಕಿತ್ತು ಬರುತ್ತಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಬೇಕು. ನನಗೆ ಬೂದು ಮಾತ್ರ ಬಂತು. ಮೂರು ಸಲ ಒರೆಸಿ, ಅರ್ಧ ದಿನ ನೆರಳಲ್ಲಿ ಒಣಗಿಸಿ, ಹೊಸ ಕವಚಕ್ಕೆ ಹಾಕಿದೆ. ಪೇಂಟ್ ಥಿನ್ನರ್ ಬಳಸುವವರನ್ನು ನಾನು ಕಂಡಿದ್ದೇನೆ, ದಯವಿಟ್ಟು ಬೇಡ. ಅದು ಲೇಪನವನ್ನೇ ಕರಗಿಸುತ್ತದೆ. ಸಿಡಿಯ ಪ್ಲಾಸ್ಟಿಕ್ಕನ್ನೂ ಮಂಜು ಮಾಡುತ್ತದೆ.

ಈಗ ಓದುವ ಕೆಲಸ. ಫೈಲ್‌ಗಳನ್ನು ಒಂದೊಂದಾಗಿ ಕಾಪಿ ಮಾಡಲು ಹೋಗಬಾರದು. ಮೊದಲು ಇಡೀ ಡಿಸ್ಕ್‌ನ ನಕಲು, ಅಂದರೆ ಇಮೇಜ್, ತೆಗೆಯಬೇಕು. ಉಳಿದ ಎಲ್ಲ ಕೆಲಸ ಆ ನಕಲಿನ ಮೇಲೆ. ನಾನು ಲಿನಕ್ಸ್‌ನಲ್ಲಿ ddrescue ಬಳಸುತ್ತೇನೆ. ಉಬುಂಟುನಲ್ಲಿ ಇದರ ಪ್ಯಾಕೇಜ್ ಹೆಸರು gddrescue. ಯುಎಸ್‌ಬಿ ಫ್ಲಾಪಿ ಡ್ರೈವ್ ಚುಚ್ಚಿ, lsblk ಕೊಟ್ಟು, 1.4M ಅಂತ ಕಾಣುವ ಸಾಧನ ಯಾವುದು ಅಂತ ನೋಡಿಕೊಂಡೆ. ನನ್ನಲ್ಲಿ ಅದು sdb ಆಗಿತ್ತು.

```
sudo ddrescue -n /dev/sdb floppy.img floppy.map
sudo ddrescue -d -r 3 /dev/sdb floppy.img floppy.map
```

ಮೊದಲ ಸಾಲು ಸುಲಭವಾಗಿ ಓದಬಹುದಾದ್ದನ್ನೆಲ್ಲ ಬೇಗ ತೆಗೆದುಕೊಳ್ಳುತ್ತದೆ, ಕಷ್ಟದ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೆಯದು ಬಿಟ್ಟ ಜಾಗಕ್ಕೆ ವಾಪಸ್ ಬಂದು ಮೂರು ಸಲ ಪ್ರಯತ್ನಿಸುತ್ತದೆ. floppy.map ಅನ್ನುವ ಸಣ್ಣ ಫೈಲ್ ಇದೆಯಲ್ಲ, ಜೀವ ಇರುವುದು ಅದರಲ್ಲೇ. ಯಾವ ಜಾಗ ಬಂತು, ಯಾವುದು ಬಾಕಿ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅದಿದ್ದರೆ ಮಧ್ಯೆ ನಿಲ್ಲಿಸಬಹುದು, ಹೆಡ್ ತೊಳೆಯಬಹುದು, ನಾಳೆ ಮುಂದುವರಿಸಬಹುದು, ಡ್ರೈವನ್ನೇ ಬದಲಿಸಬಹುದು, ಬಂದದ್ದು ಬಂದ ಹಾಗೆ ಉಳಿದು ಬಾಕಿ ಇದ್ದದ್ದನ್ನು ಮಾತ್ರ ಅದು ಮತ್ತೆ ಕೇಳುತ್ತದೆ. ಗೀಚಿದ ಸಿಡಿಗೂ ಇದೇ ವಿಧಾನ, ಆದರೆ ಅಲ್ಲಿ ಸೆಕ್ಟರ್ 2048 ಬೈಟ್, ಆದ್ದರಿಂದ -b 2048 ಸೇರಿಸಬೇಕು. ವಿಸಿಡಿಗೆ ಮಾತ್ರ ಇದು ನಡೆಯುವುದಿಲ್ಲ, ಅದರ ವಿಡಿಯೊ ಸೆಕ್ಟರ್‌ಗಳ ಅಳತೆಯೇ ಬೇರೆ.

1.44 ಎಂಬಿಯ 3.5 ಇಂಚಿನ ಫ್ಲಾಪಿಯಲ್ಲಿ 2880 ಸೆಕ್ಟರ್, ಒಂದೊಂದರಲ್ಲಿ 512 ಬೈಟ್. ಮೊದಲ ಸುತ್ತು ಮುಗಿದಾಗ 212 ಸೆಕ್ಟರ್ ಬಾಕಿ. ಎರಡನೆಯದರ ನಂತರ 97. ಡ್ರೈವ್‌ನ ಹೆಡ್ ಒರೆಸಿ ನೋಡಿದೆ, ಹತ್ತಿಯ ಮೇಲೆ ಮತ್ತೆ ಬೂದು ಗೆರೆ. -R ಸೇರಿಸಿ ಹಿಂದಿನಿಂದ ಮುಂದಕ್ಕೆ ಓದಿಸಿದಾಗ 58ಕ್ಕೆ ಇಳಿಯಿತು. ಅಲ್ಲಿಗೆ ನಿಂತುಬಿಟ್ಟಿತು. ಎಷ್ಟು ಸಲ ಓಡಿಸಿದರೂ 58.

ಹೀಗೆ ಅಂಕಿ ನಿಂತಾಗ ಅದೇ ಡ್ರೈವ್‌ನಲ್ಲಿ ರಾತ್ರಿಯಿಡೀ ಓಡಿಸುವುದರಿಂದ ಪ್ರಯೋಜನ ಇಲ್ಲ, ಹಾಳೆ ಸವೆಯುತ್ತದೆ ಅಷ್ಟೇ. ಡ್ರೈವ್ ಬದಲಿಸಬೇಕು. ಪ್ರತಿ ಡ್ರೈವ್‌ನ ಹೆಡ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. 2002ರಲ್ಲಿ ಬರೆದ ಡ್ರೈವ್‌ನ ಹೆಡ್ ಸ್ವಲ್ಪ ಓರೆ ಇದ್ದರೆ, ಅದೇ ರೀತಿ ಓರೆ ಇರುವ ಇನ್ನೊಂದು ಡ್ರೈವ್ ಅದನ್ನು ಚೆನ್ನಾಗಿ ಓದುತ್ತದೆ. ಅಂಗಡಿಯ ಅಟ್ಟದ ಮೇಲೆ ಒಂದು ಹಳೆ ಪೆಂಟಿಯಂ ಡಬ್ಬ ಇತ್ತು, ಒಳಗೆ ಅಗಲ ಕೇಬಲ್‌ನ ಫ್ಲಾಪಿ ಡ್ರೈವ್. ಅದಕ್ಕೆ ಲಿನಕ್ಸ್ ಹಾಕಿ, ಇಮೇಜ್ ಮತ್ತು ಮ್ಯಾಪ್ ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ದು, /dev/fd0 ಮೇಲೆ ಅದೇ ಕಮಾಂಡ್ ಓಡಿಸಿದೆ. 58 ಇದ್ದದ್ದು ಒಂದೇ ಸುತ್ತಿಗೆ 11 ಆಯಿತು. ಫ್ಲಾಪಿಯನ್ನು ಹೊರತೆಗೆದು, ಚಕ್ರವನ್ನು ಬೆರಳಿನಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಹಾಕಿ, ಹೀಗೆ ಆರೇಳು ಸಲ ಮಾಡಿದ ಮೇಲೆ ಮೂರಕ್ಕೆ ಬಂತು. ಆಮೇಲೆ ಕದಲಲಿಲ್ಲ. ಮ್ಯಾಪ್ ಫೈಲ್ ಹೀಗಿತ್ತು:

```
0x00000000  0x00000800  +
0x00000800  0x00000200  -
0x00000A00  0x00096400  +
0x00096E00  0x00000400  -
0x00097200  0x000D0E00  +
```

ಮೊದಲ ಅಂಕಿ ಎಲ್ಲಿಂದ, ಎರಡನೆಯದು ಎಷ್ಟು ಬೈಟ್, ಕೊನೆಯದು ಬಂತೋ ಇಲ್ಲವೋ. ಸೊನ್ನೆಯಿಂದ ಎಣಿಸಿದರೆ ಹೋದದ್ದು 4ನೇ ಸೆಕ್ಟರ್ ಒಂದು, 1207 ಮತ್ತು 1208 ಎರಡು. 2880ರಲ್ಲಿ ಮೂರು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಎಷ್ಟು ಹೋಯಿತು ಅನ್ನುವುದಕ್ಕಿಂತ ಯಾವುದು ಹೋಯಿತು ಅನ್ನುವುದೇ ಮುಖ್ಯ. ಇಮೇಜನ್ನು ತೆರೆದು ನೋಡಿದಾಗ ಮಾಸ್ತರರ ಮೂರು ಡಾಕ್ಯುಮೆಂಟ್‌ಗಳ ಹೆಸರು ಕಂಡವು. ಎರಡು ಸಣ್ಣವು ತೆರೆದವು. ಬೀಸುವ ಪದ ಇದ್ದ ದೊಡ್ಡದು, ಸುಮಾರು 96 ಕೆಬಿಯದು, ತೆರೆಯಲೇ ಇಲ್ಲ.

ಕಾರಣ ಆ 4ನೇ ಸೆಕ್ಟರ್. ಫ್ಲಾಪಿಯ ಮೊದಲ ಸೆಕ್ಟರ್ ಬೂಟ್. ಅದರ ಬೆನ್ನಿಗೆ 1ರಿಂದ 9ರವರೆಗೆ ಫ್ಯಾಟ್ ಅನ್ನುವ ಪಟ್ಟಿ. ಒಂದು ಫೈಲ್‌ನ ಈ ತುಂಡು ಆದ ಮೇಲೆ ಮುಂದಿನ ತುಂಡು ಎಲ್ಲಿದೆ ಅಂತ ಆ ಪಟ್ಟಿ ಹೇಳುತ್ತದೆ, ಸರಪಳಿಯ ಹಾಗೆ. 4ನೇ ಸೆಕ್ಟರ್ ಸುಮಾರು 1024ರಿಂದ 1365ರವರೆಗಿನ ತುಂಡುಗಳ ಲೆಕ್ಕ ಇಡುತ್ತದೆ. ನಮ್ಮ ದೊಡ್ಡ ಫೈಲ್ ಪೂರ್ತಿ ಅದೇ ಭಾಗದಲ್ಲಿತ್ತು. ಹಾಡು ಇದ್ದಲ್ಲೇ ಇದೆ, ಅದಕ್ಕೆ ಹೋಗುವ ದಾರಿ ಮಾತ್ರ ಅಳಿಸಿದೆ.

ಒಳ್ಳೆಯ ವಿಷಯ ಏನೆಂದರೆ, ಈ ಪಟ್ಟಿಯನ್ನು ಡಿಸ್ಕ್ ಎರಡು ಪ್ರತಿ ಇಟ್ಟಿರುತ್ತದೆ. ಎರಡನೆಯ ಪ್ರತಿ 10ರಿಂದ 18. ಅಂದರೆ 4ರ ಜೋಡಿ 13. ಅದು ಚೆನ್ನಾಗಿ ಬಂದಿತ್ತು. ಇಮೇಜ್‌ನ ಇನ್ನೊಂದು ನಕಲು ಮಾಡಿಕೊಂಡು, ಅದರ ಮೇಲೆ 13ನ್ನು ತೆಗೆದು 4ರ ಜಾಗಕ್ಕೆ ಕೂರಿಸಿದೆ:

```
cp floppy.img work.img
dd if=floppy.img of=work.img bs=512 skip=13 seek=4 count=1 conv=notrunc
sudo mount -o loop,ro work.img /mnt
```

conv=notrunc ಮರೆತರೆ ಫೈಲ್ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ನಕಲಿನ ಮೇಲೆ ಕೆಲಸ ಮಾಡಬೇಕು ಅನ್ನುವುದು ಇದಕ್ಕೇ. ಈಗ ಡಾಕ್ಯುಮೆಂಟ್ ಲಿಬ್ರೆಆಫೀಸ್‌ನಲ್ಲಿ ತೆರೆಯಿತು. ತೆರೆದರೆ ಪರದೆ ತುಂಬ PÀ£ÀßqÀ ಅನ್ನುವಂಥ ಅಕ್ಷರಗಳು. ಪಕ್ಕದಲ್ಲಿ ಕೂತಿದ್ದ ಮಾಸ್ತರರ ಮುಖ ಬಾಡಿತು.

"ಎಲ್ಲಾ ಕೆಟ್ಟು ಹೋಗೇದಲ್ಲೋ ತಮ್ಮಾ."

"ಇಲ್ರಿ ಗುರುಗಳ, ಕೆಟ್ಟಿಲ್ಲ. ಇದು ನುಡಿ ಫಾಂಟ್. ಇಲ್ಲಿ ನೋಡ್ರಿ, ಇದು ಕನ್ನಡ ಅಂತ ಬರದದ್ದು."

ಆ ಕಾಲದಲ್ಲಿ ನುಡಿ, ಬರಹದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. PÀ ಅಂದರೆ ಕ. P ಬುಡದ ಆಕಾರ, À ಅದರ ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಹೀಗೆ ಕಾಣುತ್ತದೆ. ಮಾಹಿತಿ ಕೆಟ್ಟಿದೆಯೋ ಬರೀ ಫಾಂಟ್ ಇಲ್ಲವೋ ಅಂತ ತಿಳಿಯುವುದು ಸುಲಭ. ಎಲ್ಲೆಲ್ಲೂ ಮತ್ತೆ ಮತ್ತೆ À ಬರುತ್ತಿದ್ದರೆ ಅದು ಸರಿಯಾಗಿರುವ ಕನ್ನಡ, ಏಕೆಂದರೆ ತಲೆಕಟ್ಟು ಇಲ್ಲದೆ ಕನ್ನಡದ ಸಾಲು ಮುಂದೆ ಹೋಗುವುದೇ ಇಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಹಳೆ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಜಾಸ್ತಿ ತಪ್ಪು ಅಲ್ಲೇ ಆಗುತ್ತದೆ.

ಹಾಡುಗಳು ಒಂದೊಂದಾಗಿ ಬಂದವು. ಮಾಸ್ತರರು ಓದುತ್ತಾ ಹೋದರು, ಓದುತ್ತಾ ಓದುತ್ತಾ ಸಣ್ಣಗೆ ರಾಗ ಬಂತು. ಮಧ್ಯೆ ಒಂದು ಕಡೆ ಸಾಲು ಕಡಿದು ಹೋಗಿತ್ತು. ಅದೇ 1207 ಮತ್ತು 1208. ddrescue ಓದಲಾಗದ ಜಾಗವನ್ನು ಸೊನ್ನೆಯಾಗಿ ಬಿಡುತ್ತದೆ. ಎರಡು ಸೆಕ್ಟರ್ ಅಂದರೆ 1024 ಸಂಕೇತ. ಕನ್ನಡ ಅನ್ನುವ ಮೂರಕ್ಷರಕ್ಕೇ ಏಳು ಬೇಕು, ಹಾಗೆ ಲೆಕ್ಕ ಹಾಕಿದರೆ ಸುಮಾರು ಹತ್ತು ತ್ರಿಪದಿ. ಆ ಎರಡೂ ಸೆಕ್ಟರ್ 33ನೇ ಟ್ರ್ಯಾಕ್ ಅನ್ನುವ ಉಂಗುರದ ಒಂದೇ ಬದಿಯಲ್ಲಿ ಅಕ್ಕಪಕ್ಕ ಇವೆ. ಬೂಸ್ಟಿನಲ್ಲೇ ತಿರುಗಿಸಿ ಕೆರೆದ ಆ ಉಂಗುರದಲ್ಲೇ ಇವು ಹೋದವು ಅಂತ ನನ್ನ ನಂಬಿಕೆ. ತೊಳೆದು ಹಾಕಿದ್ದರೆ ಬಹುಶಃ ಇವೂ ಉಳಿಯುತ್ತಿದ್ದವು. ನನಗೆ ಇವತ್ತಿಗೂ ಅದು ಸಂಕಟ.

ಆ ಜಾಗದಿಂದ ಇನ್ನು ಏನೂ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಂದು ವಿಚಾರ ಹೊಳೆಯಿತು. ಆಗಿನ ಕಾಲದಲ್ಲಿ ಫ್ಲಾಪಿಯಲ್ಲೇ ಫೈಲ್ ತೆರೆದು, ಅಲ್ಲೇ ತಿದ್ದಿ, ಅಲ್ಲೇ ಸೇವ್ ಮಾಡುತ್ತಿದ್ದರು. ವರ್ಡ್ ಸೇವ್ ಮಾಡುವಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಖಾಲಿ ಜಾಗದಲ್ಲಿ ಹೊಸ ಪ್ರತಿ ಬರೆದು, ಅದಕ್ಕೆ ಹೆಸರು ಕೊಟ್ಟು, ಹಳೆಯದನ್ನು ಅಳಿಸುತ್ತದೆ. ಅಳಿಸುವುದು ಅಂದರೆ ಪಟ್ಟಿಯಿಂದ ತೆಗೆಯುವುದು ಅಷ್ಟೇ, ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅಕ್ಷರಗಳು ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ. ಈ ಫ್ಲಾಪಿ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಅಂದರೆ ಹಳೆ ಪ್ರತಿಗಳು ಅಲ್ಲೇ ಎಲ್ಲೋ ಬಿದ್ದಿರಬಹುದು.

ಕಡಿದ ಜಾಗಕ್ಕೆ ಸ್ವಲ್ಪ ಮುಂಚೆ ಇದ್ದ ಒಂದು ಪದವನ್ನು ಆರಿಸಿಕೊಂಡು, ಅದರ ಬೈಟ್‌ಗಳನ್ನು ಇಡೀ ಇಮೇಜ್‌ನಲ್ಲಿ ಹುಡುಕಿದೆ. ಕನ್ನಡ ಅನ್ನುವ ಪದವನ್ನು ಹುಡುಕುವುದಾದರೆ ಹೀಗೆ ಬರೆಯಬೇಕು:

```
LC_ALL=C grep -abo -P '\x50\xC0\xA3\xC0\xDF\x71\xC0' floppy.img
```

ಫೈಲ್ ಹೆಸರು, ಪಟ್ಟಿ ಯಾವುದನ್ನೂ ಇದು ಕೇಳುವುದಿಲ್ಲ, ಕಚ್ಚಾ ಬೈಟ್‌ಗಳಲ್ಲೇ ಹುಡುಕುತ್ತದೆ. ನಾನು ಹುಡುಕಿದ ಪದ ಎರಡು ಕಡೆ ಸಿಕ್ಕಿತು. ಒಂದು 617940ನೇ ಬೈಟ್‌ನಲ್ಲಿ, ಅಂದರೆ 1206ನೇ ಸೆಕ್ಟರ್, ಕಡಿದ ಜಾಗದ ಬಾಯಲ್ಲೇ. ಅದು ನಮಗೆ ಗೊತ್ತಿದ್ದದ್ದು. ಇನ್ನೊಂದು 1102412ನೇ ಬೈಟ್‌ನಲ್ಲಿ. 512ರಿಂದ ಭಾಗಿಸಿದರೆ 2153ನೇ ಸೆಕ್ಟರ್. ಪಟ್ಟಿಯ ಪ್ರಕಾರ ಅದು ಖಾಲಿ ಜಾಗ. ಅದರ ಹಿಂದಿನ ಸೆಕ್ಟರ್‌ನಿಂದ ಹಿಡಿದು ಎಂಟು ಸೆಕ್ಟರ್ ಹೊರತೆಗೆದೆ:

```
dd if=floppy.img of=tundu.bin bs=512 skip=2152 count=8
iconv -c -f CP1252 -t UTF-8 tundu.bin > tundu.txt
```

ಪರಿವರ್ತಕಕ್ಕೆ ಹಾಕಿದರೆ, ಹೋಗಿದ್ದ ಹತ್ತು ತ್ರಿಪದಿಯೂ ಅಲ್ಲಿತ್ತು. ನಾನು ಕೂಗಿಯೇಬಿಟ್ಟೆ. ಪಕ್ಕದ ಜೆರಾಕ್ಸ್ ಅಂಗಡಿಯ ಅಣ್ಣ ಏನಾಯಿತು ಅಂತ ಬಂದು ನೋಡಿದರು.

ಇದು ಯಾವಾಗಲೂ ಸಿಗುತ್ತದೆ ಅಂತ ತಿಳಿಯಬೇಡಿ. ಬೇರೆ ಕಡೆ ಟೈಪ್ ಮಾಡಿ ಕೊನೆಗೆ ಒಮ್ಮೆ ಫ್ಲಾಪಿಗೆ ಕಾಪಿ ಮಾಡಿದ್ದರೆ ಹಳೆ ಪ್ರತಿ ಇರುವುದಿಲ್ಲ. ಡಿಸ್ಕ್ ತುಂಬಿದ್ದರೂ ಇರುವುದಿಲ್ಲ. ಒಮ್ಮೆ ಬರೆದು ಮುಗಿಸಿದ ಸಿಡಿಯಲ್ಲಂತೂ ಈ ದಾರಿ ತೀರಾ ಅಪರೂಪ.

ಸಿಕ್ಕಿದ್ದನ್ನು ಹಾಗೇ ನಡುವೆ ಸೇರಿಸಿ ಕೊಡಬಹುದಿತ್ತು. ಆದರೆ ಓದುತ್ತಾ ಒಂದು ವ್ಯತ್ಯಾಸ ಕಂಡಿತು. ಉಳಿದ ಹಾಡುಗಳಲ್ಲಿ ಹೊಲದಲ್ಲಿ, ಮನೆಯಲ್ಲಿ ಅಂತ ಇತ್ತು. ಈ ಹತ್ತರಲ್ಲಿ ಹೊಲದಾಗ, ಮನಿಯಾಗ ಅಂತ ಇತ್ತು. ಇದು ತಿದ್ದುವ ಮುಂಚಿನ ಪ್ರತಿ. ಹಾಗಾಗಿ ಆ ಭಾಗವನ್ನು ಬೇರೆ ಬಣ್ಣದಲ್ಲಿ ಹಾಕಿ, ಇದು ಹಳೆ ಪ್ರತಿಯಿಂದ ತೆಗೆದದ್ದು ಅಂತ ಬರೆದು ಮಾಸ್ತರರಿಗೆ ತೋರಿಸಿದೆ. ಅವರು ಬಹಳ ಹೊತ್ತು ಸುಮ್ನೆ ಕೂತರು.

"ಹೌದೋ ತಮ್ಮಾ. ಪುಸ್ತಕ ಮಾಡೋದದ ಅಂತ ನಾನs ಶುದ್ಧ ಮಾಡಿದ್ದೆ. ಅವ್ವ ಹಾಡಿದ್ದು ಹಿಂಗs. ಉಳಿದದ್ದೂ ಹಿಂಗ ಸಿಗ್ತದೇನು ನೋಡು."

ಮತ್ತೆ ಎರಡು ದಿನ ಕೂತೆ. ಪಟ್ಟಿಯಲ್ಲಿ ಖಾಲಿ ಅಂತ ಇರುವ ಸೆಕ್ಟರ್‌ಗಳನ್ನೆಲ್ಲ ಹೊರತೆಗೆದು, À ಜಾಸ್ತಿ ಇರುವವನ್ನು ಆರಿಸಿ, ಬದಲಿಸಿ, ಹೊಸ ಪ್ರತಿಯ ಪಕ್ಕದಲ್ಲಿಟ್ಟು ಜೋಡಿಸಿದೆ. ಹಳೆ ಪ್ರತಿಯ ಅರ್ಧಕ್ಕಿಂತ ಕಡಿಮೆ ಸಿಕ್ಕಿತು, ಉಳಿದದ್ದರ ಮೇಲೆ ಆಮೇಲಿನ ಸೇವ್‌ಗಳು ಬರೆದುಬಿಟ್ಟಿದ್ದವು. ಸಿಕ್ಕಿದ್ದರಲ್ಲಿ ಎರಡು ಹಾಡು ಹೊಸ ಪ್ರತಿಯಲ್ಲಿ ಇರಲೇ ಇಲ್ಲ. ಮಾಸ್ತರರು ಯಾವಾಗಲೋ ತೆಗೆದುಹಾಕಿ ಮರೆತಿದ್ದ ಹಾಡುಗಳು.

ಮೂಲ ಇಮೇಜ್, ಮ್ಯಾಪ್ ಫೈಲ್ ಮತ್ತು ಬದಲಿಸಿದ ಪಠ್ಯವನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಮಾಸ್ತರರ ಮಗಳ ಇಮೇಲ್‌ಗೂ ಕಳಿಸಿ, ಹಾಡುಗಳ ಪ್ರಿಂಟ್ ತೆಗೆದು ಕೊಟ್ಟೆ. ಫ್ಲಾಪಿಯನ್ನು ಇಟ್ಟುಕೋ ಅಂದರು. ನಾನು ವಾಪಸ್ ಕೊಟ್ಟೆ, ಅದರ ಹಳೆ ಕವಚದ ಮೇಲೆ ಅವರ ಕೈಬರಹದಲ್ಲಿ ಅವ್ವನ ಹೆಸರು ಇತ್ತು. ಪ್ರಿಂಟಿನಲ್ಲಿ ಹೊಲದಲ್ಲಿ ಅಂತ ಇರುವ ಕಡೆಯೆಲ್ಲ ಈಗ ಅವರು ಪೆನ್ನಿನಿಂದ ಹೊಲದಾಗ ಅಂತ ತಿದ್ದುತ್ತಿದ್ದಾರೆ. ನೆನಪಾಗದ ಕಡೆ ಅಕ್ಕನಿಗೆ ಫೋನ್ ಮಾಡಿ ಕೇಳುತ್ತಾರೆ.